ನಾಲ್ಕಡಿ ಒಂಬತ್ತು ಇಂಚಿನವರಿಗೆ ಸೊಂಟದ ಲೆಕ್ಕ

ಪ್ರಶ್ನೆ: ನಾನು ಸೇಡಂ ತಾಲೂಕಿನವಳು, ವಯಸ್ಸು 43. ಎತ್ತರ 145 ಸೆಂ.ಮೀ., ತೂಕ 48 ಕೆ.ಜಿ. ಆಶಾ ಅಕ್ಕ ಮನೆಗೆ ಬಂದು ಸೊಂಟ ಅಳೆದು "78 ಅದ, ಏನೂ ಚಿಂತಿ ಇಲ್ರಿ" ಅಂದರು. ಕಲಬುರಗಿಯಲ್ಲಿ ಓದುವ ಮಗಳು "ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕವ್ವ, ನಿಂದು ಜಾಸ್ತಿ" ಅನ್ನುತ್ತಾಳೆ. ಯಜಮಾನರು 178 ಇದ್ದಾರೆ, ಸೊಂಟ 88, ಅವರು ಪಾಸ್ ಅಂತೆ. ನನಗಿಂತ ಅವರ ಹೊಟ್ಟೆಯೇ ದೊಡ್ಡದು ಕಾಣುತ್ತದೆ! ಕುಳ್ಳಗಿದ್ದದ್ದೇ ನನ್ನ ತಪ್ಪೇ? ನಮ್ಮ ಅತ್ತೆ ನನಗಿಂತ ಕುಳ್ಳಗಿದ್ದಾರೆ, ಬೆನ್ನೂ ಬಾಗಿದೆ. ಅವರಿಗೂ ಇದೇ ಲೆಕ್ಕವೇ?

ಉತ್ತರ: ಆಶಾ ಕಾರ್ಯಕರ್ತೆ ಕೈಯಲ್ಲಿ ಒಂದು ಫಾರಂ ಇರುತ್ತದೆ. ಅದರಲ್ಲಿ ಸೊಂಟಕ್ಕೆ ಒಂದೇ ಸಾಲು. ಹೆಂಗಸರಿಗೆ 80 ಸೆಂ.ಮೀ. ಅಥವಾ ಕಡಿಮೆ ಇದ್ದರೆ ಸೊನ್ನೆ ಅಂಕ, 81ರಿಂದ 90ರ ತನಕ ಒಂದು, ಅದರಾಚೆ ಎರಡು. ಗಂಡಸರಿಗೆ ಸೊನ್ನೆಯ ಮಿತಿ 90. ನಿಮಗೆ ಸೊನ್ನೆ ಬಂತು, ಅವರು ಚಿಂತಿ ಇಲ್ಲ ಅಂದರು. ಫಾರಂ ಹೇಳಿದ್ದನ್ನೇ ಹೇಳಿದ್ದಾರೆ. ಆದರೆ ಆ ಸೊಂಟದ ಸಾಲು ನಿಮ್ಮ ಎತ್ತರವನ್ನು ಕೇಳುವುದೇ ಇಲ್ಲ.

ತೂಕ, ಎತ್ತರ ಸೇರಿಸಿ ಬಿಎಂಐ ತೆಗೆದರೆ ನಿಮ್ಮದು 22.8. ಭಾರತೀಯರಿಗೆ 23ರಿಂದ ಹೆಚ್ಚು ತೂಕ ಅಂತ ಲೆಕ್ಕ. ಅಲ್ಲೂ ನೀವು ಕೂದಲೆಳೆಯಲ್ಲಿ ಪಾಸ್. ಮಗಳ ಲೆಕ್ಕದಲ್ಲಿ ಮಾತ್ರ 78ನ್ನು 145ರಿಂದ ಭಾಗಿಸಿದರೆ 0.54, ಅಲ್ಲಿ ಫೇಲ್. ಇದ್ದದ್ದು ಒಂದೇ ದೇಹ, ಅಳೆದದ್ದು ಮೂರು ಕೋಲು. ಹಾಗಾಗಿ ಈ ಕೋಲುಗಳು ಎಲ್ಲಿಂದ ಬಂದವು ಅಂತ ಮೊದಲು ನೋಡೋಣ.

80 ಅನ್ನುವುದು ನಮ್ಮಂಥ ದಕ್ಷಿಣ ಏಷ್ಯಾದ ಹೆಂಗಸರಿಗೆಂದು ಇಟ್ಟ ಸ್ಥಿರ ಅಂಕಿ. ನಾಲ್ಕಡಿ ಒಂಬತ್ತು ಇಂಚಿನವರಿಗೂ ಅದೇ, ಐದೂವರೆ ಅಡಿಯವರಿಗೂ ಅದೇ. ಎತ್ತರದ ಅರ್ಧ ಎಂಬ ಲೆಕ್ಕಕ್ಕೆ ಹೋಲಿಸಿದರೆ, 80 ಸರಿಯಾಗಿ ಕೂರುವುದು 160 ಸೆಂ.ಮೀ. ಎತ್ತರದ ಹೆಂಗಸಿಗೆ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು 152. ಅದರ ಅರ್ಧ 76. ಅಂದರೆ ನಮ್ಮಲ್ಲಿ ಬಹುತೇಕ ಹೆಂಗಸರಿಗೆ ಮಗಳ ಲೆಕ್ಕ ಆಶಾ ಅಕ್ಕನ ಲೆಕ್ಕಕ್ಕಿಂತ ಬಿಗಿ. ನಿಮಗಂತೂ 72.5ಕ್ಕೇ ಗೆರೆ ಬೀಳುತ್ತದೆ.

ಅರ್ಧದ ಲೆಕ್ಕವೂ ನಿನ್ನೆ ಮೊನ್ನೆಯದಲ್ಲ. 1990ರ ದಶಕದಲ್ಲಿ ಜಪಾನ್ ಮತ್ತು ಬ್ರಿಟನ್ನಿನ ಸಂಶೋಧಕರು ಇದನ್ನು ಮುಂದಿಟ್ಟರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಇದನ್ನು ಒಪ್ಪಿಕೊಂಡಿತು. ಅದರ ಪ್ರಕಾರ 0.4ರಿಂದ 0.49 ಸರಿ, 0.5ರಿಂದ 0.59 ಅಪಾಯ ಹೆಚ್ಚಿದೆ, 0.6 ಮತ್ತು ಮೇಲೆ ಅಪಾಯ ಬಹಳ ಹೆಚ್ಚು. ಗಂಡು, ಹೆಣ್ಣು ಎಲ್ಲರಿಗೂ ಒಂದೇ ಗೆರೆ. ನೆನಪಿಡುವುದು ಸುಲಭ, ತೂಕದ ಯಂತ್ರ ಬೇಡ. ಬಿಎಂಐಗೆ ಕಾಣದ ಒಂದು ವಿಷಯ ಇದಕ್ಕೆ ಕಾಣುತ್ತದೆ. ಕೊಬ್ಬು ತೊಡೆಯಲ್ಲಿದೆಯೋ, ಹೊಟ್ಟೆಯೊಳಗೆ ಯಕೃತ್ತು ಕರುಳುಗಳ ಸುತ್ತ ಕೂತಿದೆಯೋ ಎಂಬುದು. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಹೊಟ್ಟೆಯೊಳಗಿನದು.

ಆದರೆ 0.5 ಪ್ರಕೃತಿ ಬರೆದ ಗೆರೆಯಲ್ಲ. ನೆನಪಿಗೆ ಸುಲಭ ಅಂತ ಆರಿಸಿದ ದುಂಡು ಅಂಕಿ. ನಿಮ್ಮ ದೂರಿನಲ್ಲಿ ನ್ಯಾಯ ಇರುವುದು ಇಲ್ಲಿಯೇ.

ಸೊಂಟವನ್ನು ಎತ್ತರದಿಂದ ಭಾಗಿಸುವಾಗ ನಾವು ಸದ್ದಿಲ್ಲದೆ ಒಂದು ಮಾತು ಒಪ್ಪಿಕೊಂಡಿರುತ್ತೇವೆ. ಎತ್ತರ ನೂರಕ್ಕೆ ಹತ್ತರಷ್ಟು ಹೆಚ್ಚಾದರೆ ಸೊಂಟವೂ ನೂರಕ್ಕೆ ಹತ್ತರಷ್ಟು ಹೆಚ್ಚಾಗಬೇಕು ಅಂತ. ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ನೀವು ಮತ್ತು ಯಜಮಾನರು ಒಂದೇ ಮಂಚದ ಮೇಲೆ ಕೂತುಕೊಳ್ಳಿ. ನಿಂತಾಗ ಇದ್ದ 33 ಸೆಂ.ಮೀ. ಅಂತರ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಉಳಿದದ್ದು ಕಾಲಿನಲ್ಲಿತ್ತು. ಯಕೃತ್ತು, ಜಠರ, ಕರುಳು, ಪಕ್ಕೆಲುಬಿನ ಗೂಡು, ಕಿಬ್ಬೊಟ್ಟೆಯ ಎಲುಬು ಇವೆಲ್ಲ ಕುಳ್ಳಗಿನವರಲ್ಲಿ ಸ್ವಲ್ಪ ಚಿಕ್ಕವು ನಿಜ. ಆದರೆ ಎತ್ತರ ಕಡಿಮೆಯಾದಷ್ಟು ಚಿಕ್ಕವಲ್ಲ. ಇಷ್ಟು ಸಾಮಾನು ಹಿಡಿಯುವುದಕ್ಕೆ ಒಂದು ಸುತ್ತಳತೆ ಬೇಕೇ ಬೇಕು. ಹಾಗಾಗಿ ಒಂದೇ ಮೈಕಟ್ಟಿನ ಇಬ್ಬರಲ್ಲಿ ಕುಳ್ಳಗಿನವರ ಅನುಪಾತ ಮೇಲಕ್ಕೆ ವಾಲುತ್ತದೆ, ಎತ್ತರದವರದು ಕೆಳಕ್ಕೆ.

ಈ ವಾಲುವಿಕೆ ಎಷ್ಟು? ಬ್ರಿಟನ್ನಿನ ಕೆಲವು ಸಂಶೋಧಕರು ಸೊಂಟವನ್ನು ಎತ್ತರದಿಂದ ಅಲ್ಲ, ಎತ್ತರದ ವರ್ಗಮೂಲದಿಂದ ಭಾಗಿಸಿದರೆ ಈ ಓರೆ ಸರಿಹೋಗುತ್ತದೆ ಅಂತ ತೋರಿಸಿದ್ದಾರೆ. ಶಾಲೆಯಲ್ಲಿ ಬಿಟ್ಟು ಬಂದ ವರ್ಗಮೂಲ ಇಲ್ಲೂ ಬಂತಲ್ಲ ಅಂತ ಬೇಸರ ಬೇಡ, ಫಲಿತಾಂಶ ಮಾತ್ರ ನೋಡಿ. 160 ಸೆಂ.ಮೀ. ಹೆಂಗಸಿಗೆ ಗೆರೆ 80 ಅಂತ ಇಟ್ಟುಕೊಳ್ಳೋಣ. ಎತ್ತರ ಲೆಕ್ಕಕ್ಕೇ ಬೇಡ ಅಂದರೆ ನಿಮಗೂ 80. ನೇರವಾಗಿ ಭಾಗಿಸಿದರೆ 72.5. ವರ್ಗಮೂಲದ ಲೆಕ್ಕ ಹಿಡಿದರೆ ಸುಮಾರು 76. ಮಗಳ ಗೆರೆ ನಿಮಗೆ ಮೂರೂವರೆ ಸೆಂ.ಮೀ.ಯಷ್ಟು ಹೆಚ್ಚು ಬಿಗಿ ಅಂತ ಇದರಿಂದ ತಿಳಿಯುತ್ತದೆ. ಆಶಾ ಅಕ್ಕನ ಗೆರೆ ನಾಲ್ಕು ಸೆಂ.ಮೀ. ಸಡಿಲ ಅಂತಲೂ ತಿಳಿಯುತ್ತದೆ. ನಿಮ್ಮ 78 ನಡುವಿನ ಗೆರೆಯನ್ನೂ ದಾಟಿದೆ, ಆದರೆ ಬರೀ ಎರಡರಿಂದ. ಮಗಳು ಹೆದರಿಸಿದಷ್ಟಿಲ್ಲ, ಆಶಾ ಅಕ್ಕ ಅಂದಷ್ಟು ನಿಶ್ಚಿಂತೆಯೂ ಇಲ್ಲ.

ಹಾಗಂತ ಎತ್ತರವನ್ನು ಪೂರಾ ಲೆಕ್ಕದಿಂದ ತೆಗೆದುಹಾಕುವ ಹಾಗೂ ಇಲ್ಲ. ಒಂದೇ ಸೊಂಟದ ಅಳತೆ ಇರುವ ಇಬ್ಬರಲ್ಲಿ ಕುಳ್ಳಗಿನವರಿಗೆ ಸಕ್ಕರೆ, ಕೊಬ್ಬು, ಬಿಪಿ ತೊಂದರೆ ಜಾಸ್ತಿ ಅಂತ ಜಪಾನಿನಲ್ಲಿ ಹಿಂದೆಯೇ ನೋಡಿದ್ದಾರೆ. ಕಾರಣಗಳಲ್ಲಿ ಒಂದು ತೀರಾ ಸರಳ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯನ್ನು ತುಂಬಿಡುವ ದೊಡ್ಡ ಕಣಜ ಅಂದರೆ ಮಾಂಸಖಂಡ. 145ರ ದೇಹದಲ್ಲಿ ಆ ಕಣಜ ಚಿಕ್ಕದು. ಆದರೆ ಜೋಳದ ರೊಟ್ಟಿಯ ಬುಟ್ಟಿ ಮನೆಯಲ್ಲಿ ಎಲ್ಲರಿಗೂ ಒಂದೇ, ಅಲ್ವಾ?

ಇನ್ನೊಂದು ಕಾರಣ ಬಾಲ್ಯದ್ದು. ಮೊದಲ ಕೆಲವು ವರ್ಷಗಳಲ್ಲಿ ಮಗುವಿನ ಕಾಲು ಬೇಗ ಬೇಗ ಉದ್ದವಾಗುತ್ತದೆ. ಆಗ ಊಟ ಸಾಲದೆ ಹೋದರೆ, ಮೇಲಿಂದ ಮೇಲೆ ಭೇದಿ ಜ್ವರ ಬಂದರೆ, ಮೊದಲು ಪೆಟ್ಟು ಬೀಳುವುದು ಕಾಲಿನ ಉದ್ದಕ್ಕೆ. ಮುಂಡಕ್ಕೆ ಅಷ್ಟಿಲ್ಲ. ಹೀಗೆ ಬೆಳೆದವರು ದೊಡ್ಡವರಾದ ಮೇಲೆ ಸ್ವಲ್ಪ ತೂಕ ಬಂದರೂ ಅದು ಹೊಟ್ಟೆಯಲ್ಲೇ ಕೂರುವ ಸಾಧ್ಯತೆ ಹೆಚ್ಚು. ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇದು ಸಣ್ಣ ಸಂಗತಿಯಲ್ಲ. ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದಿರುವುದು ರಾಜ್ಯದಲ್ಲೇ ಹೆಚ್ಚಾಗಿ ಕಂಡ ಜಿಲ್ಲೆಗಳಲ್ಲಿ ಪಕ್ಕದ ಯಾದಗಿರಿ ಒಂದು. ಅಪ್ಪ ಅಮ್ಮನೂ ಕುಳ್ಳಗಿದ್ದು ನೀವೂ ಕುಳ್ಳಗಿದ್ದರೆ ಅದು ಒಂದು ಬಗೆ. ಅಣ್ಣತಮ್ಮಂದಿರೆಲ್ಲ ಎತ್ತರ, ನೀವೊಬ್ಬರೇ ಬರಗಾಲದ ವರ್ಷ ಹುಟ್ಟಿ ಕುಳ್ಳಗೆ ಉಳಿದಿದ್ದರೆ ಅದು ಇನ್ನೊಂದು ಬಗೆ. ಎರಡನೆಯದಾದರೆ ನಾನು 0.54ನ್ನು ಇನ್ನಷ್ಟು ಗಂಭೀರವಾಗಿ ನೋಡುತ್ತೇನೆ.

ಹಾಗಾಗಿ ಕುಳ್ಳಗಿನವರ ಅನುಪಾತದಲ್ಲಿ ಎರಡು ಬೆರೆತಿರುತ್ತವೆ. ಒಂದಿಷ್ಟು ಭಾಗಾಕಾರದ ಓರೆ, ಒಂದಿಷ್ಟು ನಿಜವಾದ ಅಪಾಯ. ಯಾವುದು ಎಷ್ಟು ಅಂತ ಟೇಪು ಹೇಳಲಾರದು, ರಕ್ತ ಪರೀಕ್ಷೆ ಹೇಳುತ್ತದೆ. ಅರ್ಧದ ಲೆಕ್ಕ ತೊಗರಿ ಹಾಕುವ ಜರಡಿ ಇದ್ದ ಹಾಗೆ. ಜರಡಿಯಲ್ಲಿ ನಿಂತದ್ದೆಲ್ಲ ಕಲ್ಲಲ್ಲ, ಕೈ ಹಾಕಿ ನೋಡಬೇಕು ಅಷ್ಟೇ. ಇನ್ನೊಂದು ಮಾತು. ಭಾರತೀಯರಿಗಾಗಿ 2009ರಲ್ಲಿ ಇಲ್ಲಿನ ತಜ್ಞರು ಕೂಡಿ ಮಾಡಿದ ಶಿಫಾರಸಿನಲ್ಲಿ 80ಕ್ಕಿಂತ ಮೊದಲೇ ಒಂದು ಎಚ್ಚರಿಕೆಯ ಗೆರೆ ಇದೆ. ಹೆಂಗಸರಿಗೆ 72, ಗಂಡಸರಿಗೆ 78. ನಿಮ್ಮ ಅರ್ಧ ಎತ್ತರ 72.5 ಅದಕ್ಕೆ ಹೆಚ್ಚುಕಡಿಮೆ ತಾಗಿಯೇ ಇದೆ.

ಪರೀಕ್ಷೆಗೆ ಹೋಗುವ ಮೊದಲು ಸೊಂಟವನ್ನು ಇನ್ನೊಮ್ಮೆ ಅಳೆಯಿರಿ. ನಿಮ್ಮ ಎತ್ತರದವರಿಗೆ ಟೇಪಿನ ಒಂದು ಸೆಂ.ಮೀ. ತಪ್ಪು ಅನುಪಾತವನ್ನು 0.007ರಷ್ಟು ಅಲ್ಲಾಡಿಸುತ್ತದೆ. ಯಜಮಾನರಿಗೆ ಅದೇ ತಪ್ಪು 0.006ಕ್ಕಿಂತ ಕಡಿಮೆ. ನಾನು ಒಂದು ಶಿಬಿರದಲ್ಲಿ ಜನ ಜಾಸ್ತಿ ಅಂತ ಅವಸರ ಮಾಡಿ ಸೀರೆಯ ನೆರಿಗೆ ಮೇಲೆಯೇ ಟೇಪು ಸುತ್ತಿದ್ದೆ. ಸಂಜೆ ಒಬ್ಬರನ್ನು ಒಳಗೆ ಕರೆದು ಮತ್ತೆ ಅಳೆದಾಗ ಆರು ಸೆಂ.ಮೀ. ವ್ಯತ್ಯಾಸ. ಆ ದಿನದ ಹಾಳೆ ಪೂರಾ ಹರಿದುಹಾಕಬೇಕಾಯಿತು.

ನಮ್ಮ ಕಡೆ ಮಾತೂ ಸ್ವಲ್ಪ ಗೊಂದಲ ಮಾಡುತ್ತದೆ. "ಟೊಂಕ ತೋರಿಸ್ರಿ" ಅಂದರೆ ಒಬ್ಬರು ಬೆನ್ನ ಕೆಳಗೆ ಕೈ ಇಡುತ್ತಾರೆ, ಇನ್ನೊಬ್ಬರು ಲಂಗದ ಲಾಡಿ ಕಟ್ಟುವ ಜಾಗ. ಗಂಡಸರು ಉಡದಾರ ತೋರಿಸುತ್ತಾರೆ. ಇವು ಯಾವುವೂ ಅಲ್ಲ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಕೈಗೆ ಸಿಗುತ್ತದೆ, ಕೆಳಗೆ ಸೊಂಟದ ಎಲುಬಿನ ಮೇಲಂಚು ಸಿಗುತ್ತದೆ. ಎರಡರ ನಟ್ಟನಡುವೆ ಟೇಪು ಸುತ್ತಬೇಕು. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬರಿ ಮೈ ಮೇಲೆ. ಲಾಡಿ ಸಡಿಲಿಸಿ ನಿಂತು, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆಯಬಾರದು. ಟೇಪು ಹಿಂದೆ ಜಾರಿದೆಯೇ ಅಂತ ಮಗಳು ನೋಡಲಿ. ಎತ್ತರವನ್ನು ಚಪ್ಪಲಿ ಬಿಚ್ಚಿ, ತುರುಬು ಬಿಚ್ಚಿ, ಗೋಡೆಗೆ ಹಿಮ್ಮಡಿ ಒತ್ತಿ ತೆಗೆಯಿರಿ. ಟೇಪಿಲ್ಲದ ಮನೆಯಲ್ಲಿ ಎತ್ತರದಷ್ಟು ಸುತಳಿ ಕತ್ತರಿಸಿ, ಅರ್ಧಕ್ಕೆ ಮಡಿಸಿ, ಹೊಟ್ಟೆಗೆ ಸುತ್ತಿ ನೋಡುತ್ತಾರೆ. ತುದಿಗಳು ಕೂಡಿದರೆ ಸರಿ. ಎಳೆದರೆ ಹಿಗ್ಗುವ ದಾರ ಮಾತ್ರ ಬೇಡ.

ಎರಡನೇ ಸಲವೂ 77, 78 ಬಂತು ಅಂದುಕೊಳ್ಳಿ. ಆಗ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ನೋಡಿಸಿ. ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ರಕ್ತದ ಕೊಬ್ಬು ಮಾಡಿಸಿ. ಸರಾಸರಿ ಸಕ್ಕರೆ ಅಂದರೆ ಲ್ಯಾಬಿನವರು ಎಚ್‌ಬಿಎ1ಸಿ ಅನ್ನುವುದು. ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗೆ, ಸರಾಸರಿ 5.7ರ ಒಳಗೆ, ಬಿಪಿ 130/85ರ ಒಳಗೆ ಇರಬೇಕು. ರಕ್ತದ ಕೊಬ್ಬಿನಲ್ಲಿ ಟ್ರೈಗ್ಲಿಸರೈಡ್ ಅನ್ನುವುದು 150ರ ಒಳಗಿದ್ದು, ಎಚ್‌ಡಿಎಲ್ ಎಂಬ ಒಳ್ಳೆ ಕೊಬ್ಬು 50ಕ್ಕಿಂತ ಮೇಲಿರಬೇಕು. ಇಷ್ಟೂ ಸರಿ ಬಂದರೆ ನಿಮ್ಮ 0.54ರಲ್ಲಿ ಓರೆಯ ಪಾಲೇ ಹೆಚ್ಚು ಅಂತ ನಾನು ಓದುತ್ತೇನೆ. ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು. ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ ಇದ್ದರೆ ಟೇಪು ಹೇಳಿದ್ದು ನಿಜ. ಹೊಟ್ಟೆಯೊಳಗಿನ ಕೊಬ್ಬು ಕೆಲಸ ಶುರು ಮಾಡಿದೆ ಅಂತ ಅರ್ಥ. ಬಸುರಿಯಾಗಿದ್ದಾಗ ಸಕ್ಕರೆ ಬಂದಿದ್ದರೆ, ತಾಯಿ ತಂದೆಗೆ ಸಕ್ಕರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇಲ್ಲಿ ಕುಳ್ಳಗಿನವರು ತಿಳಿದಿರಬೇಕಾದ ಎರಡು ವಿಷಯ ಇವೆ, ಬಹಳ ಕಡೆ ಯಾರೂ ಹೇಳುವುದಿಲ್ಲ. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಪರೀಕ್ಷೆ ಇದೆಯಲ್ಲ, ಅದರಲ್ಲೂ ಇದೇ ಓರೆ. ದೊಡ್ಡವರಿಗೆಲ್ಲ ಕೊಡುವುದು 75 ಗ್ರಾಂ. ಯಜಮಾನರಿಗೂ ಅಷ್ಟೇ, ನಿಮಗೂ ಅಷ್ಟೇ. ಚಿಕ್ಕ ಕಣಜಕ್ಕೆ ಅದೇ ಮೂಟೆ ಸುರಿದರೆ ತುಂಬಿ ಮುಗಿಯಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಎರಡು ಗಂಟೆಯ ಅಂಕಿ ಕುಳ್ಳಗಿನವರಲ್ಲಿ ಸ್ವಲ್ಪ ಮೇಲೆಯೇ ಬರುತ್ತದೆ. ಅದೊಂದೇ ಗೆರೆ ದಾಟಿ, ಉಳಿದವು ಸರಿ ಇದ್ದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಎರಡನೆಯದು ಎಚ್‌ಬಿಎ1ಸಿ ಬಗ್ಗೆ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಆ ಅಂಕಿ ಸುಮ್ನೆ ಸ್ವಲ್ಪ ಏರುತ್ತದೆ. ನಮ್ಮ ಕಡೆ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ನಿಮಗೆ ಗೊತ್ತು. ಹಾಗಾಗಿ ಹಿಮೋಗ್ಲೋಬಿನ್ ಕೂಡ ಅದೇ ದಿನ ಮಾಡಿಸಿ. 9 ಗ್ರಾಂ ಇದ್ದವರ ಎಚ್‌ಬಿಎ1ಸಿ 5.8 ಬಂದರೆ ನಾನು ಅದನ್ನು ಸಕ್ಕರೆಯ ಖಾತೆಗೆ ಬರೆಯುವ ಮೊದಲು ಕಬ್ಬಿಣದ ಮಾತ್ರೆ ಕೊಟ್ಟು ಕಾಯುತ್ತೇನೆ.

ಮಗಳ ಮಾತು ಕೇಳಿ 72.5ಕ್ಕೆ ಇಳಿಯಲೇಬೇಕು ಅಂತ ಊಟ ಬಿಡಬೇಡಿ. ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಸೆಂ.ಮೀ. ಸೊಂಟ ಇಳಿಯುತ್ತದೆ ಅನ್ನುವುದು ಒರಟು ಲೆಕ್ಕ. ಐದೂವರೆ ಸೆಂ.ಮೀ. ಅಂದರೆ 48ರಿಂದ 42.5 ಕೆ.ಜಿ.ಗೆ ಬರಬೇಕು. ಉಪವಾಸದಿಂದ ಅಷ್ಟು ಇಳಿಸಿದರೆ ಹೋಗುವುದರಲ್ಲಿ ಮಾಂಸಖಂಡವೂ ಸೇರಿರುತ್ತದೆ. ಕಣಜವನ್ನೇ ಒಡೆದ ಹಾಗೆ. ರಕ್ತದಲ್ಲಿ ಏನಾದರೂ ಕಂಡರೆ ಮೊದಲು 76ರ ಗೆರೆ ಹಿಡಿಯಿರಿ. ರೊಟ್ಟಿ ಒಂದು ಕಡಿಮೆ ಮಾಡಿ ಬೇಳೆ, ಮೊಳಕೆ ಕಾಳು, ಮೊಸರು ಹೆಚ್ಚಿಸಿ. ನಡೆಯುವುದರ ಜೊತೆಗೆ ಭಾರ ಎತ್ತುವ ಕೆಲಸವೂ ಇರಲಿ.

ಎತ್ತರದ ತಕರಾರು ಪೂರಾ ಮಾಯವಾಗುವ ಒಂದು ದಾರಿ ಇದೆ. ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸುವುದು. ನಿಮ್ಮ ಎತ್ತರ ಹತ್ತು ವರ್ಷದಿಂದ ಬದಲಾಗಿಲ್ಲ, ಓರೆಯೂ ಅಷ್ಟೇ ಇದೆ. ಹಾಗಾಗಿ ಸೊಂಟ ಏರಿದ್ದರೆ ಏರಿದ್ದು ಪೂರಾ ನಿಜ. ಮೂರು ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಒಂದು ಸೆಂ.ಮೀ. ಹೆಚ್ಚು ಕಡಿಮೆ ಟೇಪಿನ ಚೇಷ್ಟೆ. ಎರಡು ಮೂರು ಸಲ ಸತತ ಏರಿ ಮೂರು ಸೆಂ.ಮೀ. ದಾಟಿದರೆ, ಅನುಪಾತ ಎಷ್ಟೇ ಇರಲಿ, ಪರೀಕ್ಷೆ ಮುಂದೂಡಬೇಡಿ. ಮೂವತ್ತರಲ್ಲಿ ನಿಮ್ಮ ಸೊಂಟ 66 ಇದ್ದು ಈಗ 78 ಆಗಿದ್ದರೆ ಆ ಹನ್ನೆರಡು ಸೆಂ.ಮೀ. ನನಗೆ 0.54ಕ್ಕಿಂತ ಹೆಚ್ಚು ಹೇಳುತ್ತದೆ.

ಈಗ ನಿಮ್ಮ ಅತ್ತೆಯ ವಿಷಯ. ಅವರಿಗೆ ಈ ಲೆಕ್ಕ ಹಾಗೇ ಹಾಕಬೇಡಿ. ವಯಸ್ಸಾದ ಮೇಲೆ ಬೆನ್ನೆಲುಬಿನ ಮಣಿಗಳು ಕುಸಿದು ಎತ್ತರ ಕಳೆದುಹೋಗುತ್ತದೆ. ಹರೆಯದಲ್ಲಿ 150 ಇದ್ದವರು 142ಕ್ಕೆ ಇಳಿದಿದ್ದಾರೆ, ಸೊಂಟ 74ರಲ್ಲೇ ಇದೆ ಅಂದುಕೊಳ್ಳಿ. ಆಗ 0.49 ಇದ್ದ ಅನುಪಾತ 0.52 ಆಗುತ್ತದೆ, ಕೊಬ್ಬು ಒಂದು ತೊಲದಷ್ಟೂ ಹೆಚ್ಚದೆ! ಬೆನ್ನು ಬಾಗಿದಾಗ ಪಕ್ಕೆಲುಬು ಸೊಂಟದ ಎಲುಬಿನ ಹತ್ತಿರ ಬಂದು ಹೊಟ್ಟೆ ಮುಂದಕ್ಕೆ ಉಬ್ಬುತ್ತದೆ. ನಡುವೆ ಟೇಪಿಗೆ ಜಾಗವೇ ಇರುವುದಿಲ್ಲ. ಅವರ ಹಳೆಯ ಎತ್ತರ ಯಾರಿಗಾದರೂ ಗೊತ್ತಿದ್ದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಅಳೆಯಿರಿ. ಅದು ಹರೆಯದ ಎತ್ತರಕ್ಕೆ ಹತ್ತಿರ ಇರುತ್ತದೆ, ಕೆಲವರಲ್ಲಿ ಒಂದೆರಡು ಸೆಂ.ಮೀ. ಜಾಸ್ತಿ. ಎತ್ತರ ನಾಲ್ಕೈದು ಸೆಂ.ಮೀ. ಕಡಿಮೆಯಾಗಿದ್ದರೆ ಸೊಂಟ ಬಿಟ್ಟು ಮೊದಲು ಎಲುಬು ತೋರಿಸಿ. ನಮ್ಮ ಕಡೆ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದಲೂ ಬೆನ್ನು ಬಿರುಸಾಗಿ ಬಾಗುತ್ತದೆ. ಯಾವ ನೀರು ಕುಡಿದು ಬೆಳೆದರು ಅಂತ ಡಾಕ್ಟರಿಗೆ ಹೇಳಿ.

ಇದನ್ನು ಓದುವವರಲ್ಲಿ ಹುಟ್ಟಿನಿಂದಲೇ ಕೈಕಾಲು ಗಿಡ್ಡ ಇರುವವರು ಇದ್ದರೆ ಅವರಿಗೂ ಒಂದು ಮಾತು. ಅಕಾಂಡ್ರೋಪ್ಲೇಸಿಯಾದಂಥ ಸ್ಥಿತಿಯಲ್ಲಿ ಮುಂಡ ಹೆಚ್ಚುಕಡಿಮೆ ಎಲ್ಲ ದೊಡ್ಡವರಷ್ಟೇ ಇರುತ್ತದೆ, ಎತ್ತರ ಮಾತ್ರ 125ರ ಆಸುಪಾಸು. ಅರ್ಧ ಅಂದರೆ 62.5. ಅಷ್ಟು ಸೊಂಟ ಅವರಿಗೆ ಸಾಧ್ಯವೇ ಇಲ್ಲ. ಅವರಿಗೆ ಈ ಗೆರೆಯೂ ಬೇಡ, ಬಿಎಂಐಯೂ ಬೇಡ. ತಮ್ಮದೇ ಹಳೆಯ ಸೊಂಟದ ಅಳತೆ, ಬಿಪಿ, ರಕ್ತ ಪರೀಕ್ಷೆ ಇಷ್ಟೇ ನಂಬಬೇಕು.

ಕೊನೆಗೆ ಪಾಸಾಗಿ ಕೂತಿರುವ ನಿಮ್ಮ ಯಜಮಾನರು. 88ನ್ನು 178ರಿಂದ ಭಾಗಿಸಿದರೆ 0.494. ನಿಮಗೆ ದಂಡ ಹಾಕಿದ ಓರೆಯೇ ಅವರಿಗೆ ರಿಯಾಯಿತಿ ಕೊಟ್ಟಿದೆ. ಉದ್ದ ಕಾಲು ಭಾಗಾಕಾರದ ಕೆಳಗೆ ಕೂತು ಹೊಟ್ಟೆಯನ್ನು ಸಣ್ಣದಾಗಿ ತೋರಿಸಿದೆ. 2009ರ ಗಂಡಸರ ಎಚ್ಚರಿಕೆಯ ಗೆರೆ 78, ಅದನ್ನು ಅವರು ಹತ್ತು ಸೆಂ.ಮೀ.ಯಿಂದ ದಾಟಿದ್ದಾರೆ. 90ಕ್ಕೆ ಉಳಿದಿರುವುದು ಎರಡೇ. ಅವರ ಹೊಟ್ಟೆಯ ಬಗ್ಗೆ ನಿಮ್ಮ ಕಣ್ಣು ಹೇಳಿದ್ದನ್ನು ನಾನಂತೂ ತಳ್ಳಿಹಾಕುವುದಿಲ್ಲ. ನೀವು ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಅವರಿಗೂ ಚಹಾ ಕೊಡಬೇಡಿ. ಇಬ್ಬರೂ ಖಾಲಿ ಹೊಟ್ಟೆಯಲ್ಲೇ ಹೋಗಿ ರಕ್ತ ಕೊಟ್ಟು ಬನ್ನಿ.